ಸಂಗೀತಕೃಪೆ

ವಾರಪತ್ರಿಕೆಗಳಲ್ಲಿ ಅಚ್ಚಾಗುವ ಚಿತ್ರಗಳ ಕೆಳಗೆ, ಸಣ್ಣ ಅಕ್ಷರಗಳಲ್ಲಿ, 'ಚಿತ್ರಕೃಪೆ' ಎಂಬ ಪದವನ್ನೂ ಅದರ ಮುಂದೆ ಒಂದು ಹೆಸರನ್ನೂ ನೀವು ಕಂಡಿರಬಹುದು. ಈ ಚಿತ್ರ ನಮ್ಮದಲ್ಲ, ಇಂಥವರದು, ಅವರು ಕೊಟ್ಟರೆಂದು ನಾವು ಬಳಸಿದ್ದೇವೆ ಎಂಬುದು ಆ ಕಿರುಸಾಲಿನ ಅರ್ಥ. ಇದೇ ಬಗೆಯ ಸಾಲೊಂದನ್ನು ಸಂಗೀತಕ್ಕೂ ಬರೆಯಬೇಕಾದ ಕಾಲ ಈಗ ಬಂದಿದೆ. ಏಕೆಂದರೆ, ಹಿಂದೆ ಚಲನಚಿತ್ರ ಸಂಸ್ಥೆಗಳಿಗಷ್ಟೇ ಸಾಧ್ಯವಾಗಿದ್ದ ಕೆಲಸವನ್ನು ಇಂದು ಅಂಗೈಯಗಲದ ಫೋನಿನಿಂದ ಶಾಲೆಯ ಮಕ್ಕಳೂ ಮಾಡಬಲ್ಲರು. ಮಾಡಿದ ಚಿತ್ರಕ್ಕೆ ಹಿನ್ನೆಲೆ ಸಂಗೀತವನ್ನೂ ಕೂಡಿಸಬಲ್ಲರು. ಆ ಸಂಗೀತ ಯಾರದು, ಅದನ್ನು ಬಳಸಲು ನಮಗೆ ಅನುಮತಿ ಇದೆಯೇ, ಇದ್ದರೆ ಯಾವ ಷರತ್ತಿನ ಮೇಲೆ ಎಂಬ ಪ್ರಶ್ನೆಗಳು ಅಲ್ಲಿಂದಲೇ ಹುಟ್ಟುತ್ತವೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮಲೆನಾಡಿನ ಪ್ರೌಢಶಾಲೆಯೊಂದರ ಒಂಬತ್ತನೆಯ ತರಗತಿಯ ಮಕ್ಕಳು ತಮ್ಮೂರಿನ ಕೋಡಗಗಳನ್ನು ಕುರಿತು ಆರು ನಿಮಿಷದ ಚಿತ್ರವೊಂದನ್ನು ತೆಗೆದಿದ್ದಾರೆ. ಬೆಳಗಿನ ಮಂಜು ಕವಿದ ಕಾಡಿನಿಂದ ಚಿತ್ರ ಆರಂಭವಾಗುತ್ತದೆ. ನಡುವೆ ಕೋಡಗಗಳು ಬಾಳೆಗೊನೆಗೆ ಮುತ್ತುವುದು, ಮನೆಯ ಹೆಂಚು ಸರಿಸಿ ಒಳಗೆ ಇಣುಕುವುದು, ಅಟ್ಟಲು ಬಂದ ರೈತನನ್ನೇ ಅಣಕಿಸುವುದು ಇದೆ. ಚಿತ್ರವನ್ನು ಮೊದಲು ವಾರ್ಷಿಕೋತ್ಸವದಲ್ಲಿ ತೋರಿಸಿ, ಬಳಿಕ ಯೂಟ್ಯೂಬಿಗೆ ಏರಿಸಬೇಕೆಂಬುದು ಅವರ ಅಪೇಕ್ಷೆ. ಆರಂಭದ ಕಾಡಿಗೆ ಒಂದು ಗಂಭೀರವಾದ ಹಾಡು, ನಡುವಿನ ಚೇಷ್ಟೆಗೆ ಒಂದು ನಗೆ ತರಿಸುವ ವಾದ್ಯಸಂಗೀತ, ಇಷ್ಟು ಅವರಿಗೆ ಬೇಕು. ಅವರು ಏನು ಮಾಡಬೇಕು?

ಆರಂಭಕ್ಕೆ ಅವರು ಆರಿಸಿಕೊಂಡದ್ದು ಪುರಂದರದಾಸರ ಒಂದು ದೇವರನಾಮ; ಹೆಸರಾಂತ ಗಾಯಕರೊಬ್ಬರ ಧ್ವನಿಮುದ್ರಿಕೆ. ದಾಸರು ಹದಿನಾರನೆಯ ಶತಮಾನದವರು, ಅವರ ಹಾಡಿಗೆ ಇಂದು ಯಾರ ಅಪ್ಪಣೆ ಬೇಕು ಎಂದು ಮಕ್ಕಳು ಯೋಚಿಸಿದರು. ಆ ಯೋಚನೆ ಕಾಲು ಭಾಗ ಮಾತ್ರ ಸರಿ. ನಾವು ಕಿವಿಯಿಂದ ಕೇಳುವ ಒಂದು ಹಾಡಿನಲ್ಲಿ ಪದರಗಳಿವೆ. ಮೊದಲನೆಯದು ಸಾಹಿತ್ಯ, ಎರಡನೆಯದು ರಾಗಸಂಯೋಜನೆ, ಮೂರನೆಯದು ಗಾಯನ ಮತ್ತು ಧ್ವನಿಮುದ್ರಣ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಹಿತ್ಯ ಮತ್ತು ಸಂಗೀತರಚನೆಯ ಮೇಲಣ ಹಕ್ಕು ಕರ್ತೃವಿನ ಜೀವಿತಕಾಲವಿಡೀ ಇದ್ದು, ಅವನು ತೀರಿಕೊಂಡ ಮೇಲೆ ಮುಂದಿನ ವರ್ಷದ ಆರಂಭದಿಂದ ಎಣಿಸಿ 60 ವರ್ಷ ಉಳಿಯುತ್ತದೆ. ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. ದಾಸರ ಸಾಹಿತ್ಯ ಎಂದೋ ಎಲ್ಲರ ಸ್ವತ್ತಾಗಿದೆ, ನಿಜ. ಆದರೆ ಅನೇಕ ದೇವರನಾಮಗಳ ಮೂಲ ಮಟ್ಟುಗಳು ಉಳಿದು ಬಂದಿಲ್ಲ. ಇಂದು ಹಾಡುವ ರಾಗಗಳಲ್ಲಿ ಹಲವನ್ನು ಇಪ್ಪತ್ತನೆಯ ಶತಮಾನದ ಸಂಗೀತಗಾರರು ಕೂಡಿಸಿದ್ದಾರೆ. ಅಂಥ ಸಂಯೋಜನೆಯ ಮೇಲೆ ಅವರಿಗೋ ಅವರ ವಾರಸುದಾರರಿಗೋ ಹಕ್ಕಿರಬಹುದು. ಧ್ವನಿಮುದ್ರಿಕೆಯಂತೂ ಅದನ್ನು ಹೊರತಂದ ಸಂಸ್ಥೆಯದು. ಹೀಗೆ, ನಾನೂರು ವರ್ಷಕ್ಕೂ ಹಳೆಯ ಸಾಹಿತ್ಯವು ಹತ್ತು ವರ್ಷದ ಧ್ವನಿಮುದ್ರಿಕೆಯೊಳಗೆ ಕುಳಿತಿರುತ್ತದೆ.

ವಾರ್ಷಿಕೋತ್ಸವದಲ್ಲಿ ಎಷ್ಟೋ ಚಿತ್ರಗೀತೆಗಳನ್ನು ಹಾಕಿ ಕುಣಿಯುತ್ತೇವಲ್ಲ ಎಂದು ನೀವು ಕೇಳಬಹುದು. ಶಾಲೆಯ ಚಟುವಟಿಕೆಯ ಅಂಗವಾಗಿ, ವಿದ್ಯಾರ್ಥಿಗಳು, ಶಿಕ್ಷಕರು, ಪೋಷಕರು ಮತ್ತು ಶಾಲೆಯೊಡನೆ ಸಂಬಂಧವುಳ್ಳವರು ಮಾತ್ರ ನೆರೆದ ಸಭೆಯಲ್ಲಿ ಧ್ವನಿಮುದ್ರಿಕೆಯನ್ನು ಕೇಳಿಸುವುದಕ್ಕೆ ನಮ್ಮ ಕಾಯಿದೆ ವಿನಾಯಿತಿ ನೀಡಿದೆ. ಆದರೆ ಅದೇ ಹಾಡನ್ನು ಚಿತ್ರಕ್ಕೆ ಅಂಟಿಸಿ ಅಂತರಜಾಲಕ್ಕೆ ಏರಿಸಿದೊಡನೆ ಸಭಿಕರು ಪೋಷಕರಷ್ಟೇ ಆಗಿ ಉಳಿಯುವುದಿಲ್ಲ, ಜಗತ್ತೇ ಸಭೆಯಾಗುತ್ತದೆ. ಆಗ ಆ ವಿನಾಯಿತಿ ನೆರವಿಗೆ ಬಾರದು. ಕಡೆಗೆ ಮಕ್ಕಳು ಒಂದು ಸರಳವಾದ ದಾರಿಯನ್ನು ಕಂಡುಕೊಂಡರು. ತಮ್ಮ ತರಗತಿಯ ಹುಡುಗಿಯೊಬ್ಬಳು ಅಜ್ಜಿಯಿಂದ ಕಲಿತಿದ್ದ, ಯಾರು ಕಟ್ಟಿದರೆಂದು ಯಾರಿಗೂ ತಿಳಿಯದ ಹಳೆಯ ಜನಪದ ಹಾಡೊಂದನ್ನು ಹಾಡಿದಳು. ಅವಳ ಮತ್ತು ಅವಳ ತಂದೆತಾಯಿಯರ ಒಪ್ಪಿಗೆ ಪಡೆದು ಅದನ್ನು ಮುದ್ರಿಸಿಕೊಂಡರು. ಮೂರು ಪದರಗಳಲ್ಲಿ ಯಾವುದರ ಮೇಲೂ ಈಗ ತಕರಾರಿಲ್ಲ.

ಇನ್ನು ಕೋಡಗಗಳ ಚೇಷ್ಟೆಗೆ ವಾದ್ಯಸಂಗೀತ ಬೇಕು. ಅಂತರಜಾಲದಲ್ಲಿ ಹುಡುಕಿದರೆ 'ರಾಯಲ್ಟಿ ಫ್ರೀ' ಎಂಬ ಹಣೆಪಟ್ಟಿ ಹೊತ್ತ ಸಾವಿರಾರು ತುಣುಕುಗಳು ಸಿಗುತ್ತವೆ. ಈ ಪದವೇ ಅನೇಕರನ್ನು ದಾರಿ ತಪ್ಪಿಸುತ್ತದೆ. ರಾಯಲ್ಟಿ ಎಂದರೆ ಕೃತಿಯನ್ನು ಬಳಸಿದಷ್ಟು ಸಲವೂ, ಅಥವಾ ಮಾರಾಟವಾದ ಪ್ರತಿಯೊಂದಕ್ಕೂ, ಕರ್ತೃವಿಗೆ ಸಲ್ಲಬೇಕಾದ ಗೌರವಧನ. ಹೀಗೆ ಮತ್ತೆ ಮತ್ತೆ ಕೊಡಬೇಕಾದದ್ದಿಲ್ಲ ಎಂಬುದಷ್ಟೇ ಆ ಹಣೆಪಟ್ಟಿಯ ಅರ್ಥ; ಬಿಟ್ಟಿ ಎಂದಲ್ಲ. ಸಾಮಾನ್ಯವಾಗಿ ಒಂದು ಸಲ ಬೆಲೆ ತೆತ್ತು ಪರವಾನಗಿ ಪಡೆಯಬೇಕು. ಪಡೆದ ಮೇಲೂ ಸಂಗೀತದ ಒಡೆತನ ನಮ್ಮದಾಗುವುದಿಲ್ಲ. ಒಂದೇ ಚಿತ್ರಕ್ಕೆ ಬಳಸಬಹುದೋ ಹಲವಕ್ಕೋ, ಜಾಹೀರಾತಿಗೆ ಬಳಸಬಹುದೋ ಬಾರದೋ ಎಂಬುದನ್ನು ಆಯಾ ಪರವಾನಗಿಯ ಬರಹವೇ ಹೇಳುತ್ತದೆ. ಆದುದರಿಂದ ಹಣೆಪಟ್ಟಿಯನ್ನು ಓದಿ ಸುಮ್ಮನಾಗದೆ ಬರಹವನ್ನು ಓದಬೇಕು.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ ಎಂಬ ಗಾದೆ ನಮ್ಮಲ್ಲಿದೆ. ಪುಕ್ಕಟೆಯಾಗಿ ಬಂದುದನ್ನು ಅಳೆದು ನೋಡುವ ಅಲ್ಪತನವನ್ನು ಅದು ಹಳಿಯುತ್ತದೆ. ಆದರೆ ಸಂಗೀತದ ವಿಷಯದಲ್ಲಿ ಮೊಳ ಹಾಕಿ ನೋಡುವುದೇ ಸರಿಯಾದ ಕ್ರಮ. ಕೊಟ್ಟವನು ಎಷ್ಟು ಮೊಳ ಕೊಟ್ಟಿದ್ದಾನೆಂಬುದನ್ನು ತಿಳಿದರೆ ತಾನೆ ನಾವು ಅಷ್ಟನ್ನೇ ಬಳಸುವುದು? ಈ ಅಳತೆಯನ್ನು ಸುಲಭಗೊಳಿಸಿದ್ದು ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ. ಅಮೆರಿಕದಲ್ಲಿ 2001ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 2002ರ ಡಿಸೆಂಬರಿನಲ್ಲಿ ತನ್ನ ಮೊದಲ ಪರವಾನಗಿಗಳನ್ನು ಹೊರತಂದಿತು. ಕರ್ತೃ ತನ್ನ ಹಕ್ಕನ್ನು ಬಿಟ್ಟುಕೊಡದೆ, ಇಂಥ ಷರತ್ತಿನ ಮೇಲೆ ಯಾರು ಬೇಕಾದರೂ ಬಳಸಲಿ ಎಂದು ಮುಂಚಿತವಾಗಿಯೇ ಸಾರುವ ಏರ್ಪಾಡು ಇದು. ಷರತ್ತುಗಳನ್ನು ಎರಡೆರಡು ಅಕ್ಷರಗಳಲ್ಲಿ ಸೂಚಿಸುತ್ತಾರೆ. BY ಎಂದರೆ ಹೆಸರು ಹೇಳಿ ಬಳಸು. NC ಎಂದರೆ ವ್ಯಾಪಾರಕ್ಕೆ ಬಳಸಬೇಡ. ND ಎಂದರೆ ಮಾರ್ಪಡಿಸಿ ಹಂಚಬೇಡ. SA ಎಂದರೆ ಇದರಿಂದ ಹೊಸದೊಂದನ್ನು ಮಾಡಿ ಹಂಚಿದರೆ ಅದನ್ನೂ ಇದೇ ಷರತ್ತಿನ ಮೇಲೆ ಹಂಚು. ಈ ನಾಲ್ಕರ ಜೋಡಣೆಯಿಂದ ಆರು ಪರವಾನಗಿಗಳಾಗಿವೆ. ಆರರಲ್ಲಿಯೂ ಹೆಸರು ಹೇಳುವ ಷರತ್ತು ಇದ್ದೇ ಇದೆ. ಇವುಗಳಿಂದ ಹೊರತಾದದ್ದು CC0; ಅದರಲ್ಲಿ ಕರ್ತೃ ತನ್ನ ಹಕ್ಕನ್ನು ಪೂರ್ತಿಯಾಗಿ ತ್ಯಜಿಸಿರುತ್ತಾನೆ.

ನಮ್ಮ ಮಕ್ಕಳಿಗೆ ಹುಡುಕಾಟದಲ್ಲಿ ನಾಲ್ಕು ತುಣುಕುಗಳು ಹಿಡಿಸಿದವೆಂದುಕೊಳ್ಳಿ. ಒಂದೊಂದನ್ನೇ ಪರೀಕ್ಷಿಸೋಣ.

ಮೊದಲನೆಯದರ ಮೇಲೆ CC BY-ND 4.0 ಎಂದಿದೆ. 'ನಾವು ಸಂಗೀತದ ಒಂದು ಸ್ವರವನ್ನೂ ಬದಲಿಸುವುದಿಲ್ಲ, ಪೂರ್ತಿಯಾಗಿ ಹಾಗೆಯೇ ಹಾಕುತ್ತೇವೆ; ಮಾರ್ಪಾಡಿನ ಮಾತೆಲ್ಲಿ ಬಂತು?' ಎಂದು ಒಬ್ಬ ಹುಡುಗ ವಾದಿಸಿದ. ವಾದ ಯುಕ್ತವಾಗಿಯೇ ತೋರುತ್ತದೆ. ಆದರೆ ಪರವಾನಗಿಯ ಬರಹದಲ್ಲಿ ಸಂಗೀತಕ್ಕಾಗಿಯೇ ಬರೆದ ವಾಕ್ಯವೊಂದಿದೆ. ಸಂಗೀತವನ್ನು ಚಲಿಸುವ ಚಿತ್ರದೊಡನೆ ಕಾಲಕ್ಕೆ ಸರಿಯಾಗಿ ಹೊಂದಿಸಿದರೆ ಅದು ಯಾವಾಗಲೂ ಮಾರ್ಪಾಡೇ ಎಂದು ಅದು ಸ್ಪಷ್ಟವಾಗಿ ವಿಧಿಸುತ್ತದೆ. ಕೋಡಗ ನೆಗೆಯುವ ಕ್ಷಣಕ್ಕೆ ತಾಳ ಬೀಳುವಂತೆ ಸಂಗೀತವನ್ನು ಕೂಡಿಸಿದಾಗ ಹುಟ್ಟುವುದು ಮೂಲ ಸಂಗೀತವಲ್ಲ, ಹೊಸದೊಂದು ಕೃತಿ. ಆದ್ದರಿಂದ ND ಇರುವ ಸಂಗೀತವನ್ನು ಕೂಡಿಸಿದ ಚಿತ್ರವನ್ನು ಹಂಚುವಂತಿಲ್ಲ. ಹೆಸರು ಹೇಳಿದೆವೆಂಬುದು ಇಲ್ಲಿ ರಕ್ಷಣೆಯಾಗದು. ಎಷ್ಟೋ ಮಂದಿ ಎಡವುವುದು ಇದೇ ಹೊಸ್ತಿಲಲ್ಲಿ.

ಎರಡನೆಯದು CC BY-SA 4.0. ಇದನ್ನು ಬಳಸಬಹುದು; ಆದರೆ ಈಗ ತಿಳಿದ ನಿಯಮವೇ ಇಲ್ಲಿ ಬೇರೊಂದು ಪರಿಣಾಮವನ್ನು ತರುತ್ತದೆ. ಸಂಗೀತ ಕೂಡಿಸಿದ ಚಿತ್ರ ಮಾರ್ಪಾಡಾದುದರಿಂದ, ಆರು ನಿಮಿಷದ ಇಡೀ ಚಿತ್ರವನ್ನು ಅದೇ ಪರವಾನಗಿಯ ಕೆಳಗೆ ಹಂಚಬೇಕಾಗುತ್ತದೆ. ಆಗ ಯಾರು ಬೇಕಾದರೂ ಹೆಸರು ಹೇಳಿ ಆ ಚಿತ್ರವನ್ನು ಕತ್ತರಿಸಬಹುದು, ಜೋಡಿಸಬಹುದು, ಮಾರಲೂಬಹುದು. ಇದು ಕೆಟ್ಟದ್ದೇನಲ್ಲ, ಆದರೆ ಚಿತ್ರದಲ್ಲಿ ಪತ್ರಿಕೆಯೊಂದರಿಂದ ಕೇಳಿ ಪಡೆದ ಛಾಯಾಚಿತ್ರವಿದೆ, ಹಾಡಿದ ಹುಡುಗಿಯ ಕಂಠವಿದೆ. ಅವರೆಲ್ಲರೂ ಇಷ್ಟಕ್ಕೆ ಒಪ್ಪಿರುವರೇ? ಒಪ್ಪಿಗೆ ಪಡೆಯದೆ ಬೇರೆಯವರ ಸ್ವತ್ತನ್ನು ನಾವು ಬಿಟ್ಟುಕೊಡುವಂತಿಲ್ಲ. ಮಕ್ಕಳು ಇದನ್ನು ಕೈಬಿಟ್ಟರು.

ಮೂರನೆಯದು CC BY-NC 4.0. ಶಾಲೆ ಲಾಭಕ್ಕಾಗಿ ನಡೆಯುವುದಲ್ಲ, ಆದ್ದರಿಂದ ಈ ಷರತ್ತು ನಮಗೆ ಅಡ್ಡಿಯಲ್ಲ ಎಂದು ತೋರಬಹುದು. ಆದರೆ ಪರವಾನಗಿ ನೋಡುವುದು ಬಳಸುವವನಾರೆಂಬುದನ್ನಲ್ಲ, ಬಳಕೆ ಎಂಥದೆಂಬುದನ್ನು. ಬಳಕೆಯ ಮುಖ್ಯ ಉದ್ದೇಶ ವ್ಯಾಪಾರದ ಅನುಕೂಲವೋ ಹಣದ ಪ್ರತಿಫಲವೋ ಆಗಿರಬಾರದು. ಜಾಹೀರಾತಿನ ವರಮಾನವಿಲ್ಲದ ತಾಣದಲ್ಲಿ ಚಿತ್ರವನ್ನು ಇರಿಸಿದರೆ ತೊಂದರೆಯಿಲ್ಲ. ನಾಳೆ ಯಾವುದಾದರೂ ವಾಹಿನಿ ಚಿತ್ರವನ್ನು ಹಣ ಕೊಟ್ಟು ಕೊಳ್ಳಲು ಬಂದರೆ ಮಾತ್ರ ಆ ಸಂಗೀತವನ್ನು ಕಿತ್ತುಹಾಕಬೇಕಾದೀತು, ಇಲ್ಲವೇ ಕರ್ತೃವಿನಿಂದ ಬೇರೆ ಅನುಮತಿ ಪಡೆಯಬೇಕಾದೀತು. ಇದನ್ನು ಅವರು ಸಂದೇಹದ ಪಟ್ಟಿಯಲ್ಲಿ ಇಟ್ಟರು.

ನಾಲ್ಕನೆಯದು ಅಮೆರಿಕದ ಸಂಗೀತಕಾರ ಕೆವಿನ್ ಮಕ್ಲೌಡ್ ಅವರ Monkeys Spinning Monkeys ಎಂಬ ಸುಮಾರು ಎರಡು ನಿಮಿಷದ ತುಣುಕು. ಈತ ತನ್ನ ಎರಡು ಸಾವಿರಕ್ಕೂ ಹೆಚ್ಚು ರಚನೆಗಳನ್ನು incompetech.com ಎಂಬ ತನ್ನ ತಾಣದ ಮೂಲಕ ಹೆಸರು ಹೇಳಿ ಬಳಸುವ ಷರತ್ತಿನ ಮೇಲೆ ಲೋಕಕ್ಕೆ ಒದಗಿಸಿದ್ದಾನೆ. ಹೆಸರು ಹಾಕಲು ಸಾಧ್ಯವಿಲ್ಲದವರು ಹಣ ತೆತ್ತು ಬೇರೆ ಪರವಾನಗಿ ಪಡೆಯುವ ದಾರಿಯನ್ನೂ ಇಟ್ಟಿದ್ದಾನೆ. ಮಕ್ಕಳಿಗೆ ದೊರೆತ ಪರವಾನಗಿ CC BY 4.0. ಸಂಗೀತವನ್ನು ಕತ್ತರಿಸಬಹುದು, ಚಿತ್ರಕ್ಕೆ ಹೊಂದಿಸಬಹುದು, ಮಾರಲೂಬಹುದು. ತೆರಬೇಕಾದ ಬೆಲೆ ಒಂದು ಸರಿಯಾದ ಕೃಪೆಯ ಸಾಲು ಮಾತ್ರ. ಇದನ್ನೇ ಆರಿಸಿ, ಮೊದಲ 50 ಸೆಕೆಂಡುಗಳನ್ನು ಕತ್ತರಿಸಿ ಬಳಸಿಕೊಂಡರು.

ಕೃಪೆಯ ಸಾಲನ್ನು ಹೇಗೆ ಬರೆಯಬೇಕು? ಮಕ್ಕಳು ಮೊದಲು ಬರೆದದ್ದು 'ಸಂಗೀತ: ಅಂತರಜಾಲ ಕೃಪೆ' ಎಂದು. ಇದು ಗ್ರಂಥಾಲಯದ ಪುಸ್ತಕದಿಂದ ಪುಟ ಎತ್ತಿ 'ಬೀರುವಿನ ಕೃಪೆ' ಎಂದಂತಾಯಿತು. ಎರಡನೆಯ ಸಲ 'ಸಂಗೀತ ನಿರ್ದೇಶನ: ಕೆವಿನ್ ಮಕ್ಲೌಡ್' ಎಂದು ಬರೆದರು. ಇದರಲ್ಲಿ ಹೆಸರು ಬಂತು, ಆದರೆ ಆತನೇ ಈ ಚಿತ್ರಕ್ಕಾಗಿ ಸಂಗೀತ ಕೊಟ್ಟನೆಂಬ ಸುಳ್ಳೂ ಜೊತೆಗೆ ಬಂತು. ಕರ್ತೃ ನಮ್ಮೊಡನೆ ಸೇರಿದ್ದಾನೆ, ನಮ್ಮನ್ನು ಬೆಂಬಲಿಸಿದ್ದಾನೆ ಎಂಬ ಭಾವನೆ ಹುಟ್ಟಿಸಲು ಪರವಾನಗಿ ಅನುಮತಿ ಕೊಡುವುದಿಲ್ಲ. ಸರಿಯಾದ ಸಾಲಿನಲ್ಲಿ ನಾಲ್ಕು ಸಂಗತಿಗಳು ಇರಬೇಕು: ಕೃತಿಯ ಹೆಸರು, ಕರ್ತೃವಿನ ಹೆಸರು, ಅದು ದೊರೆತ ಸ್ಥಳ, ಪರವಾನಗಿಯ ಹೆಸರು ಮತ್ತು ವಿಳಾಸ. ಕರ್ತೃವೇ ಸಾಲಿನ ಮಾದರಿಯನ್ನು ಕೊಟ್ಟಿದ್ದರೆ ಅದನ್ನು ಹಾಗೆಯೇ ಎತ್ತಿಕೊಳ್ಳುವುದು ಕ್ಷೇಮ. ಮಕ್ಲೌಡ್ ಬಯಸುವ ಮಾದರಿ ಇದು:

```
"Monkeys Spinning Monkeys" Kevin MacLeod (incompetech.com)
Licensed under Creative Commons: By Attribution 4.0 License
http://creativecommons.org/licenses/by/4.0/
```

ಇದರ ಕೆಳಗೆ ಮಕ್ಕಳು ಕನ್ನಡದಲ್ಲಿ ಮತ್ತೊಂದು ಸಾಲನ್ನು ಸೇರಿಸಿದರು: 'ಮೂಲ ಸಂಗೀತದ ಮೊದಲ 50 ಸೆಕೆಂಡುಗಳನ್ನು ಮಾತ್ರ ಕತ್ತರಿಸಿ ಈ ಚಿತ್ರಕ್ಕೆ ಹೊಂದಿಸಲಾಗಿದೆ.' ಇದು ಅಲಂಕಾರವಲ್ಲ. ಮಾರ್ಪಡಿಸಿದ್ದರೆ ಹಾಗೆಂದು ತಿಳಿಸಬೇಕೆಂಬುದೂ ಪರವಾನಗಿಯ ಷರತ್ತೇ. ಮೂಲದ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಉಳಿಸಿದ್ದಕ್ಕೂ ಕಾರಣವಿದೆ: ನೋಡುಗನು ಆ ಹೆಸರನ್ನು ಹಾಗೆಯೇ ಟೈಪಿಸಿ ಮೂಲವನ್ನು ಹುಡುಕಿಕೊಳ್ಳುವಂತಿರಬೇಕು. ಈ ಸಾಲುಗಳನ್ನು ಚಿತ್ರದ ಕೊನೆಯಲ್ಲಿ, ಓದಿ ಮುಗಿಸುವಷ್ಟು ಹೊತ್ತು ನಿಲ್ಲಿಸಿದರು. ಯೂಟ್ಯೂಬಿನಲ್ಲಿ ಚಿತ್ರದ ಕೆಳಗಿನ ವಿವರಣೆಯಲ್ಲಿಯೂ ಬರೆದರು. ವಿವರಣೆಯಲ್ಲಿ ಬರೆದ ವಿಳಾಸವನ್ನು ಒತ್ತಿದರೆ ಪರವಾನಗಿಯೇ ತೆರೆದುಕೊಳ್ಳುವುದು ಅದರ ಅನುಕೂಲ. ಚಿತ್ರವನ್ನು ಯಾರಾದರೂ ಪ್ರತಿಮಾಡಿಕೊಂಡು ಬೇರೆಡೆಗೆ ಒಯ್ದರೆ ವಿವರಣೆ ಕಳಚಿಹೋಗುತ್ತದೆ. ಆಗ ಚಿತ್ರದೊಳಗಿನ ಸಾಲು ಜೊತೆಯಲ್ಲಿ ಉಳಿಯುತ್ತದೆ.

ಇಷ್ಟು ಮಾಡಿದ ಮೇಲೂ ಒಂದು ಕೆಲಸ ಉಳಿಯಿತು. ಶಿಕ್ಷಕರ ಸಲಹೆಯಂತೆ ಅವರು ಒಂದು ನೋಟುಪುಸ್ತಕದಲ್ಲಿ ಕೃತಿಯ ಹೆಸರು, ಪುಟದ ವಿಳಾಸ, ಪರವಾನಗಿ ಮತ್ತು ಅದರ ಆವೃತ್ತಿಯ ಸಂಖ್ಯೆ, ಇಳಿಸಿಕೊಂಡ ದಿನಾಂಕ ಇವನ್ನು ಬರೆದು, ಆ ದಿನ ಪುಟ ತೆರೆಯಲ್ಲಿ ಹೇಗೆ ಕಂಡಿತೆಂಬುದರ ಚಿತ್ರವನ್ನೂ ತೆಗೆದಿಟ್ಟರು. ಕರ್ತೃ ನಾಳೆ ಮನಸ್ಸು ಬದಲಿಸಿ ಆ ಸಂಗೀತವನ್ನು ತಾಣದಿಂದ ತೆಗೆಯಬಹುದು, ಬೇರೆ ಷರತ್ತು ವಿಧಿಸಬಹುದು. ಒಮ್ಮೆ ಕೊಟ್ಟ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು, ಷರತ್ತು ಪಾಲಿಸುತ್ತಿರುವವರಿಂದ ಹಿಂದಕ್ಕೆ ಪಡೆಯಲಾಗದು. ಆದರೆ ಪಡೆದಿದ್ದೆವೆಂಬುದನ್ನು ತೋರಿಸಲು ದಾಖಲೆ ಬೇಕಷ್ಟೆ. ಯೂಟ್ಯೂಬಿನಲ್ಲಿ ಸಂಗೀತವನ್ನು ಯಂತ್ರವೇ ಹೋಲಿಸಿ ನೋಡಿ, ಬೇರೆ ಯಾರೋ ಹಕ್ಕುದಾರರೆಂದು ತಪ್ಪಾಗಿ ಸೂಚನೆ ಕಳುಹಿಸುವುದೂ ಉಂಟು. ಆಗ ಆಕ್ಷೇಪಣೆ ಸಲ್ಲಿಸಲು ಇದೇ ದಾಖಲೆ ಆಧಾರ.

ದಾಖಲೆ ಬರೆಯುವಾಗಲೇ ಮತ್ತೊಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಪರವಾನಗಿ ಕೊಟ್ಟವನು ನಿಜವಾಗಿಯೂ ಒಡೆಯನೇ? ಚಲನಚಿತ್ರದ ಪ್ರಸಿದ್ಧ ಹಾಡೊಂದನ್ನು ಯಾರೋ ಏರಿಸಿ, ಅದರ ಮೇಲೆ CC BY ಎಂದು ಅಂಟಿಸಿದರೆ ಆ ಹಾಡು ಮುಕ್ತವಾಗುವುದಿಲ್ಲ. ಇನ್ನೊಬ್ಬನ ಗದ್ದೆಯನ್ನು ಗುತ್ತಿಗೆಗೆ ಕೊಡಲು ದಾರಿಹೋಕನಿಗೆ ಅಧಿಕಾರವೆಲ್ಲಿಯದು? ಪರವಾನಗಿಯ ಬರಹ ಈ ವಿಷಯದಲ್ಲಿ ಯಾವ ಭರವಸೆಯನ್ನೂ ಕೊಡುವುದಿಲ್ಲ. ಆದ್ದರಿಂದ ಕರ್ತೃವಿನ ಸ್ವಂತ ತಾಣದಿಂದಲೇ ಸಂಗೀತವನ್ನು ಪಡೆಯುವುದು ಲೇಸು.

ಕೃಪೆಯ ಸಾಲನ್ನು ಬರೆಯಲು ಮರೆತರೆ ಏನಾಗುತ್ತದೆ? ಷರತ್ತು ಮುರಿದೊಡನೆ ಪರವಾನಗಿ ತಾನಾಗಿಯೇ ಕೊನೆಗೊಳ್ಳುತ್ತದೆ. ಅಲ್ಲಿಂದ ಮುಂದಿನ ಬಳಕೆ ಅನುಮತಿಯಿಲ್ಲದ ಬಳಕೆ. 2013ರಲ್ಲಿ ಬಂದ 4.0 ಆವೃತ್ತಿ ಇದಕ್ಕೊಂದು ಪರಿಹಾರ ಸೂಚಿಸಿದೆ: ತಪ್ಪು ನಮಗೆ ತಿಳಿದ 30 ದಿನಗಳೊಳಗೆ ಅದನ್ನು ಸರಿಪಡಿಸಿದರೆ ಪರವಾನಗಿ ಮತ್ತೆ ಜೀವ ತಳೆಯುತ್ತದೆ. ನಡುವಿನ ಅವಧಿಗಾಗಿ ಪರಿಹಾರ ಕೇಳುವ ಹಕ್ಕು ಮಾತ್ರ ಕರ್ತೃವಿಗೆ ಉಳಿದೇ ಇರುತ್ತದೆ. ಅದಕ್ಕೆ ಹಿಂದಿನ 3.0 ಆವೃತ್ತಿಯಲ್ಲಿ ಹೀಗೆ ತಾನಾಗಿ ಮರಳುವ ಅವಕಾಶವಿಲ್ಲ. ಪರವಾನಗಿಯ ಕೊನೆಯ ಆ ಸಣ್ಣ ಅಂಕಿಯನ್ನು ಬರೆದುಕೊಳ್ಳಬೇಕೆಂದು ಹೇಳುವುದು ಇದಕ್ಕಾಗಿಯೇ.

ಕೋಡಗಗಳ ಚಿತ್ರ ಈಗ ಸಿದ್ಧವಾಯಿತು. ಅದರ ಕೊನೆಯಲ್ಲಿ ಇಬ್ಬರು ಸಂಗೀತಗಾರರ ಹೆಸರುಗಳಿವೆ. ಒಂದು, ಅಜ್ಜಿಯ ಹಾಡನ್ನು ಹಾಡಿದ ಅದೇ ತರಗತಿಯ ಹುಡುಗಿಯದು. ಇನ್ನೊಂದು, ಆ ಊರನ್ನಾಗಲಿ ಅದರ ಕೋಡಗಗಳನ್ನಾಗಲಿ ಎಂದೂ ಕಾಣದ, ದೂರದೇಶದ ಸಂಗೀತಕಾರನದು. ತನ್ನ ದುಡಿಮೆಗೆ ಪ್ರತಿಯಾಗಿ ಆತ ಮಕ್ಕಳಿಂದ ಕೇಳಿದ್ದು ಮೂರು ಸಾಲುಗಳನ್ನು. ಅವರು ಅದನ್ನು ಅಕ್ಷರ ತಪ್ಪದೆ ಸಲ್ಲಿಸಿದ್ದಾರೆ.

ಅಭ್ಯಾಸ

1. ದಾಸರ ಪದವೊಂದರ ಧ್ವನಿಮುದ್ರಿಕೆಯಲ್ಲಿ ಎಷ್ಟು ಪದರಗಳ ಹಕ್ಕುಗಳನ್ನು ಗುರುತಿಸಬಹುದು? ವಿವರಿಸಿ.
2. 'ರಾಯಲ್ಟಿ ಫ್ರೀ' ಎಂಬುದಕ್ಕೂ 'ಬಿಟ್ಟಿ' ಎಂಬುದಕ್ಕೂ ಇರುವ ವ್ಯತ್ಯಾಸವೇನು?
3. ND ಷರತ್ತುಳ್ಳ ಸಂಗೀತವನ್ನು ಒಂದು ಸ್ವರವನ್ನೂ ಬದಲಿಸದೆ ಚಿತ್ರಕ್ಕೆ ಕೂಡಿಸಿ ಹಂಚಬಹುದೇ? ಕಾರಣ ಸಹಿತ ಉತ್ತರಿಸಿ.
4. 'ಸಂಗೀತ: ಅಂತರಜಾಲ ಕೃಪೆ' ಮತ್ತು 'ಸಂಗೀತ ನಿರ್ದೇಶನ: ಕೆವಿನ್ ಮಕ್ಲೌಡ್' ಎಂಬ ಎರಡು ಸಾಲುಗಳಲ್ಲಿರುವ ದೋಷಗಳನ್ನು ತಿಳಿಸಿ.
5. ನಿಮ್ಮ ಶಾಲೆಯ ಚಿತ್ರವೊಂದಕ್ಕೆ CC BY 4.0 ಪರವಾನಗಿಯ ಸಂಗೀತವನ್ನು ಬಳಸುವಿರೆಂದು ಭಾವಿಸಿ, ಅದಕ್ಕೆ ತಕ್ಕ ಕೃಪೆಯ ಸಾಲನ್ನೂ ದಾಖಲೆಯ ಟಿಪ್ಪಣಿಯನ್ನೂ ಬರೆಯಿರಿ.